ಜೂನ್ ತಿಂಗಳ ಇಪ್ಪತ್ತಾರು ಹೆಸರು

ಕಳೆದ ಮಾರ್ಚ್ ತಿಂಗಳ ಒಂದು ಭಾನುವಾರ ಸಂಡೂರು ತಾಲ್ಲೂಕಿನ ತಾಂಡಾ ಶಾಲೆಯೊಂದರ ಟೀಚರ್ ಹೊಸಪೇಟೆಯ ನಮ್ಮ ಮನೆಗೆ ಬಂದರು. ಕೈಯಲ್ಲಿ ದಪ್ಪನೆಯ ಫೈಲು, ಹೆಗಲಲ್ಲಿ ಕನ್ನಡಿ ಕೂರಿಸಿದ ಲಂಬಾಣಿ ಕಸೂತಿಯ ಚೀಲ. ಘಾಟಿನ ರಸ್ತೆಯ ಕೆಂಪು ಧೂಳು ಎರಡರ ಮೇಲೂ ಕೂತಿತ್ತು. "ಸರ್, ಉತ್ತಮ ಶಿಕ್ಷಕ ಪ್ರಶಸ್ತಿಗೆ ಹಾಕ್ರಿ ಅಂತ ಹೆಡ್‌ಮಾಸ್ಟ್ರು, ಎಸ್‌ಡಿಎಂಸಿಯೋರು ಬೆನ್ನು ಹತ್ಯಾರ. ಪ್ರಸ್ತಾವನೆ ಹೆಂಗ ಬರೀಬೇಕು, ನೀವು ನೋಡಿ ಹೇಳ್ರಿ" ಅಂದರು. ನಾನು ಸಿಆರ್‌ಪಿಯಾಗಿ ಎಂಟು ವರ್ಷ ಶಾಲೆಯಿಂದ ಶಾಲೆಗೆ ತಿರುಗಿದವನು, ನಿವೃತ್ತನಾಗಿ ಮೂರು ವರ್ಷ. ಇಂಥ ಅರ್ಜಿಗಳನ್ನು ಕಂಡ ಅಭ್ಯಾಸ ನನಗಿದೆ ಎಂದು ಅವರಿಗೆ ಗೊತ್ತಿತ್ತು.

ಫೈಲು ತೆರೆದೆ. ಮೊದಲ ಪುಟದಲ್ಲಿ "ಮಕ್ಕಳ ಸರ್ವತೋಮುಖ ಬೆಳವಣಿಗೆಗೆ ಅವಿರತ ಶ್ರಮಿಸುತ್ತಿರುವ" ಎಂಬ ಸಾಲು. ಆಮೇಲೆ ಫೋಟೊಗಳು: ಸಸಿ ನೆಟ್ಟದ್ದು, ಪ್ರಭಾತಫೇರಿ, ಹಂಪಿಯ ಕಲ್ಲಿನ ರಥದ ಮುಂದೆ ಸಾಲಾಗಿ ನಿಂತ ಮಕ್ಕಳು. ಹಿಂದೆ ಪತ್ರಿಕೆಯ ತುಣುಕುಗಳು. ಇಡೀ ಫೈಲಿನಲ್ಲಿ ಒಂದು ಮಗುವಿನ ಹೆಸರೂ ಇರಲಿಲ್ಲ, ಒಂದು ಮಗುವಿನ ಕೈಬರಹವೂ ಇರಲಿಲ್ಲ.

ಬಹಳ ವರ್ಷಗಳ ಹಿಂದೆ ಕಂಪ್ಲಿಯಲ್ಲಿದ್ದಾಗ ಇಂಥದೇ ಒಂದು ಪ್ರಸ್ತಾವನೆ ನಾನೇ ಬರೆದಿದ್ದೆ. ನನ್ನ ಸಹೋದ್ಯೋಗಿ ನಿಜಕ್ಕೂ ಒಳ್ಳೆಯ ಮೇಷ್ಟ್ರು. ಭತ್ತದ ನಾಟಿ ಶುರುವಾದರೆ ದೊಡ್ಡವರು ಗದ್ದೆಗೆ ಇಳಿದು, ಅಕ್ಕಂದಿರು ತಮ್ಮಂದಿರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಿದ್ದ ಕಾಲ. ಅವರು ಆ ಹುಡುಗಿಯರಿಗೆ ತಮ್ಮಂದಿರನ್ನೂ ಎತ್ತಿಕೊಂಡು ಶಾಲೆಗೇ ಬನ್ನಿ ಎಂದು ಹೇಳಿ, ವರಾಂಡದಲ್ಲಿ ಚಾಪೆ ಹಾಸಿಸಿದ್ದರು. ನಾನು ಅದನ್ನು ಬರೆಯಲೇ ಇಲ್ಲ. ವಿಶೇಷಣಗಳನ್ನು ಬರೆದೆ. ಆಯ್ಕೆ ಸಭೆಯಲ್ಲಿ ಕೂತಿದ್ದ ಒಬ್ಬರು ಆಮೇಲೆ ನನಗೆ ಸಿಕ್ಕಾಗ, "ಎಷ್ಟು ಹುಡುಗಿಯರು ಬಂದರು, ಯಾವ ತಿಂಗಳು, ಹಾಜರಿ ಎಷ್ಟಿತ್ತು ಎಂದು ಒಂದು ಸಾಲು ಇದ್ದಿದ್ದರೆ ಸಾಕಾಗಿತ್ತು" ಅಂದರು. ಆ ಮೇಷ್ಟ್ರಿಗೆ ಪ್ರಶಸ್ತಿ ಬರಲಿಲ್ಲ. ಹಾಜರಿ ಪುಸ್ತಕ ಶಾಲೆಯ ಬೀರುವಿನಲ್ಲೇ ಇತ್ತು. ಅದರ ನೋವು ನನ್ನಲ್ಲಿ ಇನ್ನೂ ಇದೆ.

"ಚೀಲದಲ್ಲಿ ಏನಿದೆ ಟೀಚರ್?" ಎಂದೆ. "ಅದು ಏನಿಲ್ರೀ ಸರ್, ಹುಡುಗರ ಪುಟಗಳು" ಎಂದು ಹಿಂಜರಿದರು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ನಾಲ್ಕಾಗಿ ಕತ್ತರಿಸಿ, ಹಿಂಬದಿಯಲ್ಲಿ ಬರೆದು, ದಾರದಿಂದ ಹೊಲಿದ ಪುಸ್ತಕಗಳು. ಒಂದು ಮಗುವಿಗೆ ಒಂದು. ಪ್ರಶಸ್ತಿಗೆ ಬೇಕಾದದ್ದೆಲ್ಲ ಆ ಚೀಲದಲ್ಲಿತ್ತು, ಫೈಲಿನಲ್ಲಿ ಅಲ್ಲ.

ಅವರದು ನಾಲ್ಕನೇ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ ಒಂದರಿಂದ ಮೂರನೇ ತರಗತಿಯವರೆಗೆ ಇದೆ. ಮಗು ಕಾರ್ಡು ಹಿಡಿದು ತನ್ನ ವೇಗದಲ್ಲಿ ಮೆಟ್ಟಿಲು ಹತ್ತುತ್ತದೆ. ನಾಲ್ಕಕ್ಕೆ ಬಂದ ದಿನ ಕಾರ್ಡು ಹೋಗಿ ಪಾಠಪುಸ್ತಕ ಕೈಗೆ ಬರುತ್ತದೆ. ಮೆಟ್ಟಿಲ ನಡುವೆ ನಿಂತಿದ್ದ ಮಗು ಅಲ್ಲೇ ಉಳಿಯುತ್ತದೆ. ತಾಂಡಾದ ಮಗುವಿಗೆ ಇನ್ನೊಂದು ತೊಡಕು. ಮನೆಯಲ್ಲಿ ಅಮ್ಮ 'ಯಾಡಿ', ನೀರು 'ಪಾಣಿ', ರೊಟ್ಟಿ 'ಬಾಟಿ'. ಓದಬೇಕಾದ ಅಕ್ಷರ ಹೊಸದು, ಅಕ್ಷರ ಹೇಳುವ ಮಾತೂ ಹೊಸದು.

ಟೀಚರ್ ಮಾಡಿದ್ದು ಇಷ್ಟು. ದಿನಕ್ಕೆ ನಾಲ್ಕೈದು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನೆ ಏನಾಯಿತು ಹೇಳು ಎಂದು ಕೇಳುವುದು. ಮಗು ತನ್ನ ಮಾತಿನಲ್ಲೇ ಹೇಳುತ್ತದೆ. ಲಂಬಾಣಿಯನ್ನು ಟೀಚರ್ ಪೂರ್ತಿ ಬಲ್ಲವರಲ್ಲ, ಆದ್ದರಿಂದ ಕನ್ನಡ ಬರುವ ಗೆಳತಿ ಪಕ್ಕದಲ್ಲಿ ಕೂತು ಮಾತು ಕೂಡಿಸುತ್ತಾಳೆ. ಎಲ್ಲರೂ ಸೇರಿ ಅದನ್ನು ಮೂರು ನಾಲ್ಕು ಸಾಲಿನ ಕನ್ನಡ ಮಾಡುತ್ತಾರೆ, ಟೀಚರ್ ದಪ್ಪ ಅಕ್ಷರದಲ್ಲಿ ಬರೆಯುತ್ತಾರೆ. 'ನಮ್ಮ ಆಡು ಮರಿ ಹಾಕಿತು. ಮರಿ ಕಪ್ಪು. ಯಾಡಿ ಅದಕ್ಕೆ ಬಾಟಿ ಕೊಟ್ಟಳು.' ಮನೆಮಾತಿನ ಪದವನ್ನು ಮೊದಲ ವಾರ ಹಾಗೇ ಬಿಡುತ್ತಾರೆ, ಎರಡನೇ ವಾರ ಅದರ ಕೆಳಗೆ ಕನ್ನಡ ಪದ ಬರುತ್ತದೆ. ಅದೇ ಸಾಲುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದು, ಪದ ಪದವಾಗಿ ಕತ್ತರಿಸಿ ಬೆಂಕಿಪೊಟ್ಟಣದಲ್ಲಿ ಹಾಕಿ ಕೊಡುತ್ತಾರೆ. ಮಗು ಮನೆಯಲ್ಲಿ ಪದಗಳನ್ನು ಜೋಡಿಸಿ ಸಾಲು ಮಾಡಬೇಕು. ಇದರಲ್ಲಿ ಒಂದು ಸೂಕ್ಷ್ಮವಿದೆ. ತಾನೇ ಹೇಳಿದ ಸಾಲು ಮಗುವಿಗೆ ಬಾಯಿಪಾಠವಾಗಿರುತ್ತದೆ, ಕಣ್ಣು ಹಾಳೆಯ ಮೇಲಿಲ್ಲದಿದ್ದರೂ ಓದಿದಂತೆ ಕೇಳಿಸುತ್ತದೆ. ಪದಗಳನ್ನು ಕಲಸಿಬಿಟ್ಟ ಮೇಲೆ ಅದು ನಡೆಯುವುದಿಲ್ಲ. 'ಹಾಕಿತು' ಮತ್ತು 'ಕೊಟ್ಟಳು' ಎರಡರಲ್ಲಿ ಯಾವುದು ಯಾವುದೆಂದು ಅಕ್ಷರ ನೋಡಿಯೇ ಹೇಳಬೇಕು.

"ಇದರಿಂದ ಓದು ಬಂತು ಅಂತ ಹೇಗೆ ಹೇಳ್ತೀರಿ?" ಎಂದು ಕೇಳಿದೆ. ಅವರ ಬಳಿ ಲೆಕ್ಕವಿತ್ತು. ಪ್ರಥಮ್ ಸಂಸ್ಥೆಯವರು ಅಸರ್ ಸಮೀಕ್ಷೆಯಲ್ಲಿ ಬಳಸುವ ಓದಿನ ಹಾಳೆಯನ್ನು ಅನುಸರಿಸಿ ಜೂನ್ ಮೊದಲ ವಾರವೇ ಪ್ರತಿ ಮಗುವನ್ನೂ ಒಬ್ಬೊಬ್ಬರಾಗಿ ಓದಿಸಿ, ಹೆಸರಿನ ಮುಂದೆ ದಿನಾಂಕ ಹಾಕಿ ಬರೆದಿಟ್ಟಿದ್ದರು. ಅದರಲ್ಲಿ ಐದು ಹಂತ. ಅಕ್ಷರವೂ ಬಾರದವರು, ಅಕ್ಷರ ಬಲ್ಲವರು, ಪದ ಓದುವವರು, ಸಣ್ಣ ವಾಕ್ಯಗಳ ಪ್ಯಾರಾ ಓದುವವರು, ಕಥೆ ಓದುವವರು. ಐದು ಪದಗಳಲ್ಲಿ ನಾಲ್ಕನ್ನಾದರೂ ಸರಿಯಾಗಿ ಓದಿದರೆ ಮಾತ್ರ ಪದದ ಹಂತ. ಜೂನ್‌ನಲ್ಲಿ 26 ಮಕ್ಕಳಲ್ಲಿ ಪ್ಯಾರಾ ಅಥವಾ ಅದಕ್ಕಿಂತ ಮೇಲೆ ಓದಿದವರು 7. ಮಾರ್ಚ್‌ನಲ್ಲಿ 20 ಮಕ್ಕಳಲ್ಲಿ 16. ಅವರು ಫೈಲಿಗೆಂದು ಬರೆದುಕೊಂಡಿದ್ದ ಸಾಲು: "ಶೇಕಡ 27ರಿಂದ ಶೇಕಡ 80ಕ್ಕೆ ಏರಿಕೆ."

ಆ ಸಾಲನ್ನು ಓದಿದ ಕೂಡಲೇ ಎರಡು ಪ್ರಶ್ನೆ ನನ್ನಲ್ಲಿ ಎದ್ದವು. ಆರು ಮಕ್ಕಳು ಎಲ್ಲಿ ಹೋದರು? ಮಾರ್ಚ್‌ನಲ್ಲಿ ಓದಿಸಿದ ಹಾಳೆ ಯಾವುದು? ಹಾಳೆ ಜೂನ್‌ನದೇ. ವರ್ಷವೆಲ್ಲ ಗೋಡೆಯ ಮೇಲೆ ಅಂಟಿಸಿದ್ದದ್ದು.

ಮುಂದಿನ ವಾರ ನಾನೇ ಶಾಲೆಗೆ ಹೋದೆ. ಅರ್ಜಿ ಕರೆಯುವ ಹೊತ್ತಿಗೆ ಆ ಮಕ್ಕಳು ಐದಕ್ಕೆ ಹೋಗಿರುತ್ತಾರೆ, ನೋಡುವುದಿದ್ದರೆ ಮಾರ್ಚ್‌ನಲ್ಲೇ ನೋಡಬೇಕು. ಹಿಂದಿನ ರಾತ್ರಿ ಹೊಸದೊಂದು ಕಥೆ ಬರೆದುಕೊಂಡಿದ್ದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದರ ಚೈನು ಹರಿದು ನೀರು ನುಗ್ಗಿದ್ದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಗೊತ್ತು. ಅದನ್ನೇ ಎಂಟು ಸಾಲು ಮಾಡಿದ್ದೆ. ಮಕ್ಕಳನ್ನು ಒಬ್ಬೊಬ್ಬರಾಗಿ ಬೇವಿನ ಮರದ ಕೆಳಗೆ ಕರೆದು ಓದಿಸಿದೆ. ಕೆಲವರಿಗೆ ನಡುವಿನ ಸಾಲಿನಿಂದ ಶುರು ಮಾಡಿಸಿದೆ, ಓದುತ್ತಿದ್ದ ಸಾಲಿನ ಮೇಲೆ ಕಾಗದದ ಪಟ್ಟಿ ಸರಿಸಿದೆ. ಪಟ್ಟಿ ಬಂದಾಗ ಮಗು ನಿಂತರೆ ಅದು ಓದುತ್ತಿದೆ ಎಂದರ್ಥ, ನಿಲ್ಲದೆ ಮುಂದೆ ಹೋದರೆ ಊಹೆಯಿಂದ ಹೇಳುತ್ತಿದೆ. ಹದಿನಾರರಲ್ಲಿ ಇಬ್ಬರು ಗೋಡೆಯ ಹಾಳೆಯನ್ನು ಮಾತ್ರ ಬಲ್ಲವರು. ಹೊಸ ಕಥೆಯಲ್ಲಿ ಅವರು ಪದಗಳ ಹಂತದಲ್ಲೇ ನಿಂತರು. ಹದಿನಾಲ್ಕು ಮಕ್ಕಳು ಓದಿದರು. ಒಬ್ಬಳು 'ನುಗ್ಗಿತು' ಎಂಬಲ್ಲಿ ತಡವರಿಸಿ, ಮತ್ತೆ ಹಿಂದೆ ಹೋಗಿ, ಬೆರಳಿಟ್ಟು, ಸರಿಯಾಗಿ ಓದಿದಳು. ಬಾಯಿಪಾಠದವರು ಹಾಗೆ ಹಿಂದೆ ಹೋಗುವುದಿಲ್ಲ.

ಆರು ಮಕ್ಕಳ ಸಂಗತಿ ಬೇರೆ. ದೀಪಾವಳಿ ಮುಗಿದ ಮೇಲೆ ಅವರ ತಂದೆತಾಯಿಯರು ಮಂಡ್ಯದ ಕಡೆ ಕಬ್ಬು ಕಡಿಯಲು ಹೋಗುವಾಗ ಕರೆದುಕೊಂಡು ಹೋಗಿದ್ದರು. ಜೂನ್ ಪಟ್ಟಿಯಲ್ಲಿ ಆ ಆರು ಹೆಸರು ಹುಡುಕಿದೆವು. ಇಬ್ಬರು ಅಕ್ಷರವೂ ಬಾರದವರು, ಮೂವರು ಅಕ್ಷರದಲ್ಲಿದ್ದವರು, ಒಬ್ಬ ಪದದಲ್ಲಿದ್ದವನು. ಪ್ಯಾರಾ ಓದುತ್ತಿದ್ದವರು ಒಬ್ಬರೂ ಇಲ್ಲ. ಎಂದರೆ, ಟೀಚರ್ ಏನೂ ಪಾಠ ಮಾಡದೆ ಸುಮ್ಮನೆ ಕೂತಿದ್ದರೂ, ಆ ಆರು ಮಕ್ಕಳು ಊರು ಬಿಟ್ಟ ದಿನ ತರಗತಿಯ ಶೇಕಡಾವಾರು 27ರಿಂದ 35ಕ್ಕೆ ತಾನಾಗಿಯೇ ಏರುತ್ತಿತ್ತು. ಗುಳೆ ಹೋಗುವ ಊರುಗಳ ಎಷ್ಟೋ ಶಾಲೆಗಳ ಪ್ರಗತಿ ವರದಿಯಲ್ಲಿ ಈ ಏರಿಕೆ ಸೇರಿಕೊಂಡಿರುತ್ತದೆ, ಯಾರೂ ಸುಳ್ಳು ಹೇಳಿರುವುದಿಲ್ಲ.

ಆದ್ದರಿಂದ ಉಳಿದ 20 ಮಕ್ಕಳದೇ ಜೂನ್ ಲೆಕ್ಕವನ್ನು ಅವರದೇ ಮಾರ್ಚ್ ಲೆಕ್ಕದ ಪಕ್ಕ ಇಟ್ಟೆವು. ಇಪ್ಪತ್ತರಲ್ಲಿ 7 ಇದ್ದದ್ದು 14 ಆಗಿದೆ. ಜೂನ್‌ನಲ್ಲಿ ಪ್ಯಾರಾ ಓದಲಾಗದ 13 ಮಕ್ಕಳಲ್ಲಿ 7 ಮಂದಿ ದಾಟಿದ್ದಾರೆ, 5 ಮಂದಿ ಒಂದು ಹಂತ ಮೇಲೆ ಬಂದಿದ್ದಾರೆ, ಒಬ್ಬ ಹುಡುಗ ಇದ್ದಲ್ಲೇ ಇದ್ದಾನೆ. ಟೀಚರ್ ಮುಖ ಸಪ್ಪಗಾಯಿತು. "ಎಂಬತ್ತು ಅಂತಿದ್ದದ್ದು ಎಪ್ಪತ್ತಾತಲ್ರೀ ಸರ್." ನಾನು ಹೇಳಿದೆ: "ಎಂಬತ್ತನ್ನು ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಬಿದ್ದುಹೋಗುತ್ತೆ. ಇದು ಬೀಳಲ್ಲ."

ಪುಟಗಳಿಂದಲೇ ಇಷ್ಟೂ ಆಯಿತು ಎಂದೂ ನಾವು ಬರೆಯಲಿಲ್ಲ. ಒಂದು ವರ್ಷ ಶಾಲೆಗೆ ಬಂದ ಮಗು ಹೇಗಿದ್ದರೂ ಒಂದಿಷ್ಟು ಕಲಿಯುತ್ತದೆ. ಆರು ಮಕ್ಕಳು ಕಡಿಮೆಯಾದ ತರಗತಿಯಲ್ಲಿ ಉಳಿದವರಿಗೆ ಟೀಚರ್ ಹೆಚ್ಚು ಸಿಗುತ್ತಾರೆ. ರೂಪಣಾತ್ಮಕ, ಸಂಕಲನಾತ್ಮಕ ಪರೀಕ್ಷೆಗಳ ಅಂಕಗಳನ್ನು ಪಕ್ಕಕ್ಕಿಟ್ಟೆವು, ಏಕೆಂದರೆ ಪ್ರತಿ ಸಲ ಪ್ರಶ್ನೆ ಬೇರೆ, ಅಂಕ ಹಾಕಿದವರು ಅದೇ ಟೀಚರ್. ಅದರ ಬದಲು ಒಂದೇ ಹುಡುಗಿಯ ಜುಲೈ, ನವೆಂಬರ್, ಮಾರ್ಚ್ ತಿಂಗಳ ಮೂರು ಪುಟಗಳನ್ನು ಅಂಟಿಸಿದೆವು. ಜುಲೈಯದರಲ್ಲಿ ಟೀಚರ್ ಬರೆದ ಮೂರು ಸಾಲು. ನವೆಂಬರಿನದರಲ್ಲಿ ಅರ್ಧ ಟೀಚರ್, ಅರ್ಧ ಆಕೆ. ಮಾರ್ಚ್‌ನದು ಪೂರ್ತಿ ಆಕೆಯದೇ, ಹಂಪಿ ಪ್ರವಾಸದ ಬಗ್ಗೆ. ಗಜಶಾಲೆಯಲ್ಲಿ ಹನ್ನೊಂದು ಗುಮ್ಮಟ, ನಡುವಿನದು ಬೇರೆ ತರ, ಈ ಕಡೆ ಐದು ಆ ಕಡೆ ಐದು ಎಂದು ಎಣಿಸಿ ಬರೆದಿದ್ದಾಳೆ. 'ಗುಮ್ಮಟ'ಕ್ಕೆ ಒತ್ತು ತಪ್ಪಾಗಿದೆ. ಅದನ್ನು ತಿದ್ದದೆ ಬಿಟ್ಟೆವು. ರಥದ ಮುಂದಿನ ಫೋಟೊ ತೆಗೆದು ಹಾಕಿದೆವು. ಮಕ್ಕಳು ಹಂಪಿಗೆ ಹೋಗಿದ್ದರು ಎಂಬುದಕ್ಕಷ್ಟೇ ಅದು ಸಾಕ್ಷಿ.

ಆರು ಮಕ್ಕಳ ಬಗ್ಗೆ ಪ್ರತ್ಯೇಕ ಪ್ಯಾರಾ ಬೇಡವೆಂದು ಟೀಚರ್ ಮೊದಲು ಅಂದರು, ಅದು ತಮ್ಮ ಸೋಲು ಕಂಡಂತೆ ಆಗುತ್ತದೆ ಎಂದು. ನಾನು ಒಪ್ಪಲಿಲ್ಲ. ಹೊರಡುವ ಮುನ್ನ ಅವರು ಆರೂ ಮಕ್ಕಳ ಕೈಗೆ ಅವರವರ ಹೊಲಿದ ಪುಸ್ತಕ ಕೊಟ್ಟು ಕಳಿಸಿದ್ದರು. ಏಪ್ರಿಲ್ ಮೊದಲ ವಾರ ಇಬ್ಬರು ಮರಳಿದರು. ಒಬ್ಬನ ಪುಸ್ತಕ ಕಬ್ಬಿನ ಗದ್ದೆಯ ಗುಡಿಸಲಲ್ಲಿ ಮಳೆಗೆ ನೆನೆದು ಹಾಳಾಗಿತ್ತು, ಅವನು ಜೂನ್‌ನಲ್ಲಿ ಬಲ್ಲ ಅಕ್ಷರಗಳನ್ನೂ ಮರೆತಿದ್ದ. ಇನ್ನೊಬ್ಬಳು ಪುಸ್ತಕ ಹಾಗೇ ತಂದಿದ್ದಳು, ಪದ ಓದಿದಳು. ಉಳಿದ ನಾಲ್ವರನ್ನು ನಾವು ನೋಡಲಿಲ್ಲ. ಇದೆಲ್ಲ ಹಾಗೇ ಬರೆದೆವು. ಪ್ರಸ್ತಾವನೆ ಒಟ್ಟು ಎರಡೂವರೆ ಪುಟವಾಯಿತು.

ಮುಂದಿನ ವರ್ಷ ಇಂಥದೊಂದನ್ನು ಬರೆಯಬೇಕೆಂದಿರುವ ಶಿಕ್ಷಕರು ಈ ಜೂನ್ ಮೊದಲ ವಾರವೇ ಎಲ್ಲ ಮಕ್ಕಳ ಹೆಸರು ಬರೆದು, ಓದಿಸಿ, ದಿನಾಂಕ ಹಾಕಿಡಿ. ನಡುವೆ ಊರು ಬಿಟ್ಟವರ ಹೆಸರನ್ನು ಹೊಡೆದು ಹಾಕಬೇಡಿ. ಆಯ್ಕೆ ಸಭೆಯಲ್ಲಿ ಕೂರುವವರಲ್ಲೂ ಒಂದು ಬೇಡಿಕೆ: ಫೈಲು ಮುಚ್ಚುವ ಮುನ್ನ ಆ ಶಾಲೆಗೆ ಒಮ್ಮೆ ಹೋಗಿ, ನೀವೇ ಬರೆದ ಎಂಟು ಸಾಲನ್ನು ಒಂದು ಮಗುವಿನ ಕೈಗೆ ಕೊಟ್ಟು ಓದಿಸಿ ನೋಡಿ.