ಬ್ಯಾನರ್ ಓದಕ್ಕಾಗದವರಿಗೆ ಬ್ಯಾನರ್ ಬರೆಯೋದು ಹೇಗೆ

ಕ್ಯಾಪ್ಷನ್ ಉದ್ದ ಇದೆ, ಮೊದಲೇ ಹೇಳ್ತಿದ್ದೀನಿ. ಮೂರು ಪೋಸ್ಟ್‌ನಲ್ಲಿ ಮುಗಿಸ್ತೀನಿ.

(1/3)

ನಮ್ಮ ಉದಯಗಿರಿಯ ಸಮುದಾಯ ಭವನದಲ್ಲಿ ಮುಂದಿನ ಭಾನುವಾರ ವಯಸ್ಸಾದವರಿಗೆ ಫ್ರೀ ಕಣ್ಣಿನ ತಪಾಸಣೆ ಇದೆ. ಸ್ಲೋಗನ್ ಬರೆಯೋ ಕೆಲಸ ನನ್ನ ಪಾಲಿಗೆ ಬಂತು. "ಬಿಕಾಂ ಅಲ್ವಾ, ಮಾರ್ಕೆಟಿಂಗ್ ಓದಿರ್ತೀಯ" ಅಂದ್ರು. ಓದಿದ್ದೀನಿ, ಸೋಪು ಮಾರೋದು ಹೇಗೆ ಅಂತ.

ಗ್ರೂಪ್‌ನಲ್ಲಿ ಮೊದಲು ಬಂದ ಐಡಿಯಾ "ನೇತ್ರದಾನ ಮಹಾದಾನ". ಸ್ವಲ್ಪ ಯೋಚನೆ ಮಾಡಿ. ಅದು ಸತ್ತ ಮೇಲೆ ಕಣ್ಣು ಕೊಡೋರಿಗೆ ಬರೆದಿದ್ದು. ಎಪ್ಪತ್ತು ವರ್ಷದ ಅಜ್ಜಿ ಅದನ್ನ ನೋಡಿದ್ರೆ ಭವನದ ಕಡೆ ತಲೆ ಹಾಕಿ ಮಲಗಲ್ಲ. ಎರಡನೇದು "ಹಿರಿಯ ನಾಗರಿಕರಿಗೆ ಉಚಿತ ನೇತ್ರ ತಪಾಸಣಾ ಶಿಬಿರ". ತಪ್ಪೇನಿಲ್ಲ, ಎಲ್ಲ ಕಡೆ ಹೀಗೇ ಬರೀತಾರೆ. ಆದರೆ ಲೆಕ್ಕ ಹಾಕಿ, ಅದರಲ್ಲಿ 21 ಅಕ್ಷರ ಇದೆ. ನಮ್ಮ ಬ್ಯಾನರ್ ಆರು ಅಡಿ ಉದ್ದ, ಮೂರು ಅಡಿ ಎತ್ತರ.

ಕಣ್ಣು ಡಾಕ್ಟರ್ ಹತ್ರ ಗೋಡೆ ಮೇಲೆ ಒಂದು ಚಾರ್ಟ್ ಇರುತ್ತಲ್ಲ, ಮೇಲೆ ದೊಡ್ಡ ಅಕ್ಷರ, ಕೆಳಗೆ ಹೋಗ್ತಾ ಚಿಕ್ಕದು? ಅದರ ಹಿಂದೆ ಒಂದು ಗಣಿತ ಇದೆ. ಸರಿಯಾದ ಕಣ್ಣಿಗೆ ಆರು ಮೀಟರ್ ದೂರದಿಂದ ಸುಮಾರು 9 ಮಿಲಿಮೀಟರ್ ಎತ್ತರದ ಅಕ್ಷರ ಕಾಣಬೇಕು. ಅದೇ 6/6. ಕಾರ್ಡಿನಲ್ಲಿ 6/60 ಅಂತ ಬರೆದಿದ್ರೆ, ಬೇರೆಯವರು 60 ಮೀಟರ್‌ನಿಂದ ಓದೋದನ್ನ ಇವರು 6 ಮೀಟರ್‌ಗೆ ಬಂದು ಓದ್ತಾರೆ ಅಂತ ಅರ್ಥ. ಇವರಿಗೆ ಆ ದೂರದಿಂದ ಕಾಣಬೇಕು ಅಂದ್ರೆ ಅಕ್ಷರ ಹತ್ತು ಪಟ್ಟು, ಅಂದ್ರೆ ಸುಮಾರು 9 ಸೆಂಟಿಮೀಟರ್ ಇರಬೇಕು. ಅದೂ ಕಷ್ಟಪಟ್ಟು ಓದಕ್ಕೆ. ನಡೀತಾ ನಡೀತಾ ಸಲೀಸಾಗಿ ಓದಬೇಕು ಅಂದ್ರೆ ಡಬಲ್ ಮಾಡಿ, 18.

ಇಲ್ಲಿ ನಮ್ಮ ಲಿಪಿ ಬೇರೆ ಆಟ ಆಡುತ್ತೆ. ಕನ್ನಡದಲ್ಲಿ ಅಕ್ಷರದ ಮೇಲೆ ಗುಡಿಸು, ಕೆಳಗೆ ಒತ್ತು. 18 ಸೆಂಟಿಮೀಟರ್ ಅಕ್ಷರಕ್ಕೆ ಹೆಚ್ಚುಕಡಿಮೆ ಅಷ್ಟೇ ಜಾಗ ಮೇಲೆ-ಕೆಳಗೆ ಬೇಕು. ಮೂರು ಅಡಿಯಲ್ಲಿ ಎರಡು ಸಾಲು, ಸಾಲಿಗೆ ಎಂಟೊಂಬತ್ತು ಅಕ್ಷರ. ಅಷ್ಟೇ. ಜೊತೆಗೆ ಒತ್ತು ಅಕ್ಷರದ ಅರ್ಧ ಸೈಜಿನಲ್ಲಿರುತ್ತೆ, ಮಂಜು ಕಣ್ಣಿಗೆ ಮೊದಲು ಮಾಯ ಆಗೋದೇ ಅದು. ಆದ್ದರಿಂದ ಒತ್ತಕ್ಷರ ಇದ್ದರೂ ಊಹೆ ಮಾಡಿ ಓದಬಹುದಾದ, ದಿನಾ ಬಾಯಲ್ಲಿರೋ ಪದ ಬೇಕು.

ಕೊನೆಗೆ ಉಳಿದಿದ್ದು:

ಕಣ್ಣು ನೋಡ್ತಾರೆ
ಭಾನುವಾರ 9ಕ್ಕೆ

ಹಳದಿ ಬಟ್ಟೆ ಮೇಲೆ ಕಪ್ಪು ಅಕ್ಷರ. ಹೊಳೆಯೋ ಬಿಳಿ ಶೀಟ್ ಬೇಡ ಅಂದೆ. ಪೊರೆ ಇರೋ ಕಣ್ಣಿಗೆ ಬೆಳಕು ಒಳಗೇ ಚೆದುರುತ್ತೆ, ಬಿಸಿಲಲ್ಲಿ ಬಿಳಿ ಬ್ಯಾನರ್ ಒಂದು ಟ್ಯೂಬ್‌ಲೈಟ್ ಇದ್ದಂಗೆ. ಮತ್ತೆ, ಫೋಟೋಗಳು? ದೊಡ್ಡವರ ಫೋಟೋ ಇಲ್ದೆ ಬ್ಯಾನರಾ ಅಂತ ಅರ್ಧ ಗಂಟೆ ಚರ್ಚೆ ಆಯ್ತು. ಹಾಲ್ ಒಳಗೆ ಬೇರೆ ಬ್ಯಾನರ್ ಕಟ್ಟಿ ಅಂತ ರಾಜಿ ಆಯ್ತು.

(2/3)

ಬ್ಯಾನರ್ ಹೇಳೋದು ಅಷ್ಟೇ. ಮಿಕ್ಕಿದ್ದು ಕಿವಿಗೆ, ಅಂದ್ರೆ ಆಟೋ ಮೈಕ್‌ಗೆ. ಇದನ್ನ ಬರೆಯಕ್ಕೆ ನಮ್ಮ ಅಜ್ಜಿ ಮತ್ತು ಅವರ ಜೊತೆ ಸಂಜೆ ಜಗಲಿ ಮೇಲೆ ಕೂರೋ ನಾಲ್ಕು ಜನರ ಮಾತು ಕೇಳಿದೆ. ಯಾಕೆ ಬರಲ್ಲ ಅಂತ ಕೇಳಿದ್ರೆ ಸ್ಲೋಗನ್ ತಾನಾಗೇ ಬರುತ್ತೆ.

ಒಬ್ಬರು ಹೇಳಿದ್ರು, "ಪೊರೆ ಇನ್ನೂ ಬಲಿತಿಲ್ಲಪ್ಪ, ಹಣ್ಣಾಗಲಿ." ಇದು ಮೂಢನಂಬಿಕೆ ಅಲ್ಲ, ಹಳೇ ಕಾಲದ ಸರಿಯಾದ ಸಲಹೆ. ಆಗ ಮಸೂರವನ್ನ ಇಡಿಯಾಗಿ ಹೊರಗೆ ತೆಗೀತಿದ್ರು, ಪೊರೆ ಗಟ್ಟಿಯಾಗೋ ತನಕ ಕಾಯಿಸ್ತಿದ್ರು. ಈಗ ಸಣ್ಣ ರಂಧ್ರ ಮಾಡಿ, ಒಳಗೇ ಪುಡಿ ಮಾಡಿ ತೆಗೆದು ಕೃತಕ ಮಸೂರ ಇಡ್ತಾರೆ. ಪೊರೆ ತೀರಾ ಬಲಿತ್ರೆ ಪುಡಿ ಮಾಡೋದೇ ಕಷ್ಟ, ಕೆಲವರಿಗೆ ಕಣ್ಣಿನ ಒತ್ತಡ ಏರಿ ನೋವು ಶುರುವಾಗುತ್ತೆ. ಅದಕ್ಕೆ ಬರೆದಿದ್ದು:

"ಪೊರೆ ಮಾವಿನಕಾಯಿ ಅಲ್ಲ, ಹಣ್ಣಾಗಲಿ ಅಂತ ಕಾಯಬೇಡಿ."

ಅಜ್ಜಿ ನಕ್ಕರು. ಪಾಸ್.

ಇನ್ನೊಬ್ಬರಿಗೆ ಭಯ, "ಅಲ್ಲೇ ಕುಯ್ದುಬಿಡ್ತಾರಾ?" ಇದಕ್ಕೂ ಕಾರಣ ಇದೆ. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ.ಸಿ. ಮೋದಿ ಗೊತ್ತಾ? ಊರೂರಿಗೆ ಹೋಗಿ ಶಿಬಿರದಲ್ಲೇ ಪೊರೆ ಆಪರೇಷನ್ ಮಾಡ್ತಿದ್ರು, ಒಂದೇ ದಿನ 833 ಮಾಡಿದ್ದು ಗಿನ್ನೆಸ್ ದಾಖಲೆ. ನಮ್ಮ ಅಜ್ಜಿ ವಯಸ್ಸಿನವರಿಗೆ ಕಣ್ಣಿನ ಶಿಬಿರ ಅಂದ್ರೆ ಇವತ್ತಿಗೂ ಸಾಲಾಗಿ ಮಲಗಿಸಿದ ಹಾಸಿಗೆಗಳ ಚಿತ್ರ. ಈಗ ಭವನದಲ್ಲಿ ಬರೀ ತಪಾಸಣೆ. ಪೊರೆ ಕಂಡ್ರೆ ಚೀಟಿ ಬರೆದು ಆಸ್ಪತ್ರೆಗೆ ಕಳಿಸ್ತಾರೆ, ಅಲ್ಲಿ ಬಿಪಿ, ಶುಗರ್ ನೋಡಿ ಬೇರೆ ದಿನ ಆಪರೇಷನ್. ಆದ್ದರಿಂದ:

"ಭಾನುವಾರ ಬರೀ ನೋಡ್ತಾರೆ, ಕುಯ್ಯಲ್ಲ."

ಕಮಿಟಿಯವರಿಗೆ ಇದು ಒರಟಾಯ್ತಂತೆ. ಜಗಲಿಯವರಿಗೆ ಇದೇ ಎಲ್ಲಕ್ಕಿಂತ ಇಷ್ಟ ಆಯ್ತು.

ನಿಜವಾಗಿ ನನ್ನನ್ನ ಹೆದರಿಸಿದ್ದು ನಮ್ಮ ಅಜ್ಜಿಯ ಮಾತು. "ನಂಗೇನೂ ಆಗಿಲ್ಲ, ಈಗ ಚಾಳೀಸೇ ಬೇಡ, ಸೂಜಿಗೆ ದಾರ ಹಾಕ್ತೀನಿ" ಅಂತ ಹೆಮ್ಮೆಯಿಂದ ಹೇಳ್ತಾರೆ. ಮನೇಲೆಲ್ಲ ಖುಷಿ. ಆದರೆ ಪೊರೆಯಲ್ಲಿ ಒಂದು ಬಗೆ ಹೀಗೇ ಶುರುವಾಗುತ್ತೆ. ಮಸೂರದ ನಡುಭಾಗ ಗಟ್ಟಿಯಾಗ್ತಾ ಹತ್ತಿರದ್ದು ಸ್ವಲ್ಪ ಕಾಲ ಚೆನ್ನಾಗಿ ಕಾಣುತ್ತೆ, ದೂರದ್ದು ಮಸುಕಾಗುತ್ತೆ. ಶುಗರ್ ಏರುಪೇರಾದ್ರೂ ಹೀಗಾಗಬಹುದು. ಅಜ್ಜಿಗೆ ಶುಗರ್ ಇದೆ. ರಸ್ತೆ ದಾಟೋವಾಗ ಬೈಕ್ ಲೈಟಿನ ಸುತ್ತ ಬಳೆ ಥರ ಕಾಣುತ್ತಂತೆ, ಅದನ್ನ ಯಾರಿಗೂ ಹೇಳೇ ಇರಲಿಲ್ಲ.

"ಇದ್ದಕ್ಕಿದ್ದಂಗೆ ಚಾಳೀಸು ಬೇಡ ಅನಿಸ್ತಾ? ಹಾಗಾದ್ರೆ ನೀವೇ ಮೊದಲು ಬನ್ನಿ."

(3/3)

ಬರೆದು ಹೊಡೆದು ಹಾಕಿದ್ದೂ ಇದೆ. "ಬನ್ನಿ, ದೃಷ್ಟಿ ವಾಪಸ್ ಪಡೆಯಿರಿ" ಕೇಳಕ್ಕೆ ಚೆನ್ನಾಗಿದೆ, ಆದರೆ ಗ್ಲಾಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರಲ್ಲ, ಇರೋದನ್ನ ಉಳಿಸಿಕೊಳ್ಳಬಹುದು ಅಷ್ಟೇ. ನೋವಿಲ್ಲದೆ ಪಕ್ಕದ ನೋಟ ಹೋಗ್ತಾ ಇರುತ್ತೆ, ಎದುರಿನ ಚಾರ್ಟ್ ಮಾತ್ರ ಪೂರ್ತಿ ಓದ್ತಾರೆ. "ಎಲ್ಲ ಕಣ್ಣಿನ ರೋಗಕ್ಕೂ ತಪಾಸಣೆ" ಅಂತಾನೂ ಬರೀಲಿಲ್ಲ. ಒಬ್ಬರಿಗೆ ಐದು ನಿಮಿಷ ಸಿಗೋ ಕಡೆ ಅದು ಸುಳ್ಳು. ಮನೇಲಿ ಯಾರಿಗಾದ್ರೂ ಗ್ಲಾಕೋಮಾ ಇದ್ರೆ ಭಾನುವಾರ ಅದನ್ನ ಬಾಯಿಬಿಟ್ಟು ಹೇಳಬೇಕು.

ನಿಮಗೂ ಒಂದು ಸ್ಲೋಗನ್ ಇದೆ, ಇದು ಮೈಕ್‌ಗಲ್ಲ, ಸ್ಟೇಟಸ್‌ಗೆ:

"ಅಜ್ಜಿನ ಡ್ರಾಪ್ ಮಾಡಿ ಹೋಗಬೇಡ, ಡ್ರಾಪ್ಸ್ ಹಾಕ್ತಾರೆ, ಜೊತೆಗಿರು."

ಕಣ್ಣಿನ ಪಾಪೆ ಅಗಲ ಆಗೋ ಔಷಧಿ ಹಾಕಿದ್ರೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತೆ. ತಾತಂದಿರು ಟಿವಿಎಸ್ ಓಡಿಸಿಕೊಂಡು ವಾಪಸ್ ಹೋಗೋ ಹಾಗಿಲ್ಲ. ಎಲ್ಲರಿಗೂ ಹಾಕಲ್ಲ, ಆದ್ರೂ ಒಬ್ಬರು ಜೊತೆಗಿರಿ. ಹಳೇ ಕನ್ನಡಕ, ದಿನಾ ತಗೊಳ್ಳೋ ಮಾತ್ರೆಗಳ ಶೀಟ್ ಹಿಡ್ಕೊಂಡು ಬನ್ನಿ. ಮಾತ್ರೆ ಹೆಸರು ಅವರಿಗೆ ನೆನಪಿರಲ್ಲ, "ಬಿಳೀದೊಂದು, ಗುಲಾಬಿದೊಂದು" ಅಂತಾರೆ.

ನಮ್ಮ ಏರಿಯಾದಲ್ಲಿ ಅರ್ಧ ಮನೆಗಳಿಗೆ "ಪೊರೆ" ಅಂದ್ರೆ ಹೊಳೆಯಲ್ಲ, "ಮೋತಿಯಾ" ಅಂದ್ರೆ ತಕ್ಷಣ ಗೊತ್ತಾಗುತ್ತೆ. ಮಾವಿನಕಾಯಿ ಜೋಕ್ ಉರ್ದುವಿನಲ್ಲಿ ಕೂರ್ತಿಲ್ಲ, ಕಾಯಿ-ಕಾಯೋದು ಅನ್ನೋ ಆಟ ಅಲ್ಲಿಲ್ಲ. ಪಕ್ಕದ್ಮನೆ ದಾದಿ ಬೇರೇನೋ ಹೇಳಿಕೊಟ್ಟಿದ್ದಾರೆ, ನನ್ನ ಉಚ್ಚಾರ ಕೇಳಿ ಅವರೇ ಕಿವಿ ಮುಚ್ಚಿಕೊಂಡ್ರು.

ಶುಕ್ರವಾರ ನಮಾಜ್ ಮುಗಿದ ಮೇಲೆ ಆಟೋ ಹೊರಡುತ್ತೆ. ಮೈಕ್ ಹಿಡಿಯಕ್ಕೆ ಚೆನ್ನಾಗಿ ಉರ್ದು ಬರೋರು ಒಬ್ಬರು ಬೇಕು. ಡಿಎಂ ಮಾಡಿ, ಟೀ ನನ್ನದು.