ಅಂಡರ್ ಗಾರ್ಡಿಯನ್‌ಶಿಪ್

ನನ್ನ ಮಗಳ ಪಾಸ್‌ಬುಕ್ಕಿನ ಮೊದಲ ಪುಟದಲ್ಲಿ ಅವಳ ಹೆಸರಿನ ಮುಂದೆ 'ಯು/ಜಿ' ಎಂದು ಮುದ್ರಿಸಿ, ಆಮೇಲೆ ನನ್ನ ಹೆಸರನ್ನು ಬರೆದಿದ್ದರು. ಅಂಡರ್ ಗಾರ್ಡಿಯನ್‌ಶಿಪ್, ಅಂದರೆ ಪಾಲಕತ್ವದ ಅಡಿಯಲ್ಲಿ. ಹೆಸರುಗಳ ಈ ಕ್ರಮವು ಅಕಸ್ಮಾತ್ತಾದುದಲ್ಲ. ಹಣ ಮೊದಲನೆಯವಳದು, ಸಹಿ ಮಾತ್ರ ಎರಡನೆಯವಳದು.

ಖಾತೆ ತೆರೆದದ್ದು 2012ರಲ್ಲಿ, ಪುಣೆಯಲ್ಲಿ. ಮಗಳಿಗೆ ಐದು ವರ್ಷ. ಊರಿನಲ್ಲಿದ್ದ ನನ್ನಮ್ಮ ತನ್ನ ಎರಡು ಬಳೆಗಳನ್ನು ಮಾರಿ ಬಂದ ಅರವತ್ತು ಸಾವಿರ ರೂಪಾಯಿಯನ್ನು ಮೊಮ್ಮಗಳ ಹೆಸರಿಗೆ ಇಡಬೇಕೆಂದು ಕಳುಹಿಸಿದ್ದಳು. ಮಗುವಿನ ಜನನ ಪ್ರಮಾಣಪತ್ರ, ನನ್ನ ಗುರುತಿನ ಮತ್ತು ವಿಳಾಸದ ದಾಖಲೆಗಳು, ಪ್ಯಾನ್, ಇಬ್ಬರ ಭಾವಚಿತ್ರ: ಇಷ್ಟನ್ನು ಒಯ್ದಿದ್ದೆ. ಯಜಮಾನರು ಆಗ ಬೇರೆ ಊರಿಗೆ ವರ್ಗವಾಗಿದ್ದರು. ಕೌಂಟರಿನಲ್ಲಿದ್ದವರು ಅರ್ಜಿಯನ್ನು ಹಿಂದಕ್ಕೆ ಸರಿಸಿ, "ತಂದೆಯ ಸಹಿ ಬೇಕಲ್ಲ ಮೇಡಮ್" ಎಂದರು.

ಬೇಕಿರಲಿಲ್ಲ. ತಾಯಿಯನ್ನು ಪಾಲಕಳನ್ನಾಗಿ ಒಪ್ಪಿ ಮಕ್ಕಳ ಉಳಿತಾಯ ಮತ್ತು ನಿಶ್ಚಿತ ಠೇವಣಿ ಖಾತೆಗಳನ್ನು ತೆರೆಯಬಹುದೆಂದು ರಿಸರ್ವ್ ಬ್ಯಾಂಕ್ 1976ರಲ್ಲಿಯೇ ತಿಳಿಸಿತ್ತು. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ತೆಗೆಯಲು ಬಿಡಬಾರದು ಎಂಬುದು ಅದರ ಮುಖ್ಯ ಷರತ್ತು. ಆದರೆ ಠೇವಣಿಯ ಆಚೆಗೆ ತೊಡಕು ಉಳಿದಿತ್ತು. 1984ರಲ್ಲಿ ಲೇಖಕಿ ಗೀತಾ ಹರಿಹರನ್ ತಮ್ಮ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡುಗಳಿಗೆ ತಾವೇ ಪಾಲಕಿಯಾಗಿ ಸಹಿ ಹಾಕಿ ಅರ್ಜಿ ಸಲ್ಲಿಸಿದಾಗ, ಗಂಡನ ಒಪ್ಪಿಗೆಯಿದ್ದರೂ ಅದು ಮರಳಿ ಬಂತು. 1956ರ ಕಾಯಿದೆ, ಸಹಜ ಪಾಲಕ ತಂದೆ, ಅವನ 'ಆಫ್ಟರ್' ತಾಯಿ ಎನ್ನುತ್ತದೆ. ಆ ಒಂದು ಪದದ ಮೇಲೆ ವ್ಯಾಜ್ಯ ನಡೆದು, 1999ರಲ್ಲಿ ಸುಪ್ರೀಂ ಕೋರ್ಟು ಅದನ್ನು 'ತಂದೆ ಸತ್ತ ಮೇಲೆ' ಎಂದು ಓದದೆ 'ತಂದೆಯ ಗೈರಿನಲ್ಲಿ' ಎಂದು ಓದಿತು. ದೂರವಿರುವುದು, ಉದಾಸೀನನಾಗಿರುವುದು, ಪರಸ್ಪರ ಒಪ್ಪಿ ತಾಯಿಗೆ ವಹಿಸಿರುವುದು ಎಲ್ಲವೂ ಗೈರೇ. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಗೀತಾ ಅವರ ಕಾದಂಬರಿಯನ್ನು ಓದಿದ್ದ ನನಗೆ ಈ ಒಂದು ಪದದ ಓದು ಹೆಚ್ಚು ನೆನಪಿನಲ್ಲಿದೆ. ಶಾಖಾ ವ್ಯವಸ್ಥಾಪಕರ ಬಳಿ ಮಾತನಾಡಿದ ಮೇಲೆ ನನ್ನೊಬ್ಬಳ ಸಹಿಯಲ್ಲಿಯೇ ಖಾತೆ ತೆರೆಯಿತು.

ನಿಜವಾದ ಪ್ರಶ್ನೆ ಎದುರಾದದ್ದು ಆರು ವರ್ಷಗಳ ಬಳಿಕ. ನಾವು ಮನೆಯೊಂದನ್ನು ಕೊಳ್ಳಲು ಹೊರಟಾಗ ಮುಂಗಡಕ್ಕೆ ಐವತ್ತು ಸಾವಿರ ಕಡಿಮೆ ಬಿತ್ತು. "ಅವಳ ಖಾತೆಯಲ್ಲಿ ಸುಮ್ಮನೆ ಬಿದ್ದಿದೆಯಲ್ಲ, ತೆಗೆ. ಮನೆ ಯಾರಿಗಾಗಿ? ಅವಳಿಗೇ ಅಲ್ಲವೇ?" ಎಂದರು ಯಜಮಾನರು. ತಪ್ಪು ಮಾತೇನಲ್ಲ. ಬ್ಯಾಂಕಿಗೂ ನನ್ನ ಸಹಿ ಸಾಕು. ಹಣ ತೆಗೆಯುತ್ತಿರುವುದು ಮಗುವಿನ ಹಿತಕ್ಕಾಗಿ ಎಂದು ಪಾಲಕರು ಬರೆದುಕೊಟ್ಟರೆ ಅದನ್ನು ಸಾಮಾನ್ಯವಾಗಿ ಯಾರೂ ಪರೀಕ್ಷಿಸುವುದಿಲ್ಲ. ಈ ವ್ಯವಸ್ಥೆಯ ಸಡಿಲ ಗಂಟು ಇರುವುದೇ ಅಲ್ಲಿ. ಶಾಲೆಯ ಶುಲ್ಕ, ಔಷಧೋಪಚಾರ ಖಂಡಿತ ಮಗುವಿನ ಹಿತ. ಆದರೆ ತಂದೆತಾಯಿಯರ ಹೆಸರಿನಲ್ಲಿ ನೋಂದಣಿಯಾಗುವ ಮನೆ? ಅದಕ್ಕೆ ಬಳಸಿದರೆ ಮಗುವಿನ ಹಣ ನಮ್ಮ ಆಸ್ತಿಯಾಗಿ ಮಾರ್ಪಡುತ್ತದೆ. ಎರಡು ದಿನ ಮನೆಯಲ್ಲಿ ಮಾತು ಬಿಗಿಯಾಗಿತ್ತು. ಕೊನೆಗೆ ನನ್ನ ಭವಿಷ್ಯನಿಧಿಯಿಂದ ಮುಂಗಡ ಪಡೆದೆವು. ಅಮ್ಮನ ಹಣ ಹಾಗೆಯೇ ಉಳಿಯಿತು. (ಅದರ ಬಡ್ಡಿಯನ್ನು ಮಾತ್ರ ತೆರಿಗೆಯವರು ತಂದೆತಾಯಿಯರಲ್ಲಿ ಹೆಚ್ಚು ಆದಾಯವಿರುವವರ ಲೆಕ್ಕಕ್ಕೆ ಸೇರಿಸುತ್ತಾರೆ!)

ಮುಂದೆ ಒಮ್ಮೆ ಅವಳ ಹಲ್ಲಿಗೆ ತಂತಿ ಕಟ್ಟಿಸಲು ಹದಿನೆಂಟು ಸಾವಿರ ತೆಗೆದೆ. ಆಗ ಅವಳಿಗೆ ಹದಿಮೂರು. ಹಿಂಪಡೆಯುವ ಚೀಟಿಯ ಹಿಂಬದಿಯಲ್ಲಿ ಅವಳಿಂದಲೂ ಸಹಿ ಹಾಕಿಸಿದೆ. ಬ್ಯಾಂಕು ಕೇಳಿರಲಿಲ್ಲ. ಮೊತ್ತ ದೊಡ್ಡದಾಗಿದ್ದು, ಮಗು ತಿಳಿಯುವ ವಯಸ್ಸಿನದಾಗಿದ್ದರೆ ಅದರ ಒಪ್ಪಿಗೆಯನ್ನೂ ಪಡೆಯಬಹುದೆಂಬ ಮಾತು ಆ ಹಳೆಯ ಸೂಚನೆಯಲ್ಲಿಯೇ ಇದೆ. ಹತ್ತು ವರ್ಷ ತುಂಬಿದವರಿಗೆ, ಬ್ಯಾಂಕು ವಿಧಿಸುವ ಮಿತಿಯೊಳಗೆ, ಸ್ವತಂತ್ರವಾಗಿಯೇ ಖಾತೆ ನಡೆಸಲು ಅವಕಾಶವುಂಟು. ನಾವು ಅದಕ್ಕೆ ಹೋಗಲಿಲ್ಲ.

ಹದಿನೆಂಟು ತುಂಬಿದ ದಿನಕ್ಕೆ ಪಾಲಕರ ಅಧಿಕಾರ ಮುಗಿಯುತ್ತದೆ. ಖಾತೆ ಮುಚ್ಚುವುದಿಲ್ಲ, ಜಮೆಯಾಗುವ ಹಣ ಜಮೆಯಾಗುತ್ತದೆ, ಆದರೆ ನನ್ನ ಸಹಿಗೆ ಹಣ ಬರುವುದಿಲ್ಲ. ಕಾಲೇಜು ಶುಲ್ಕಕ್ಕೆಂದು ಹೋಗಿ ಇದನ್ನು ಕಿಟಕಿಯ ಬಳಿ ತಿಳಿದುಕೊಂಡ ಸಹೋದ್ಯೋಗಿಗಳನ್ನು ಕಂಡಿದ್ದೇನೆ. ಹೊರನಾಡಿನ ನಮಗೆ ಇನ್ನೊಂದು ತೊಡಕು, ಹೆಸರು. ಪುಣೆಯ ಜನನ ಪತ್ರದಲ್ಲಿ ಮಗಳ ಹೆಸರು, ತಂದೆಯ ಹೆಸರು, ಮನೆತನದ ಹೆಸರು ಮೂರೂ ಇದ್ದವು. ಶಾಲೆಯ ದಾಖಲೆಯಲ್ಲಿ ನಮ್ಮ ಕಡೆಯ ಪದ್ಧತಿಯಂತೆ ಒಂದು ಇನಿಷಿಯಲ್. ಆಧಾರ್ ಮತ್ತು ಪ್ಯಾನ್‌ಗಳನ್ನು ಜನನ ಪತ್ರಕ್ಕೆ ಹೊಂದಿಸಲು ಮೂರು ತಿಂಗಳು ಮೊದಲೇ ಕುಳಿತೆವು.

ಹುಟ್ಟುಹಬ್ಬದ ಮರುವಾರ ಅವಳೇ ಶಾಖೆಗೆ ಹೋಗಿ ದಾಖಲೆಗಳನ್ನು ಕೊಟ್ಟು, ಮಾದರಿ ಸಹಿ ಹಾಕಿದಳು. ಅಂದಿನವರೆಗಿನ ಶಿಲ್ಕು ಸರಿಯಾಗಿದೆಯೆಂದು ದೃಢಪಡಿಸುವ ಕಾಗದವನ್ನು ಸಹಿ ಮಾಡುವ ಮುನ್ನ ಪಾಸ್‌ಬುಕ್ಕನ್ನು ಮೊದಲಿಂದ ಓದಿದಳು. ಹದಿನೆಂಟು ಸಾವಿರದ ಸಾಲಿಗೆ ಬೆರಳಿಟ್ಟು, "ಇದು ಹಲ್ಲಿನದು ತಾನೇ ಅಮ್ಮ?" ಎಂದು ಕೇಳಿ, ಹೌದೆಂದ ಮೇಲೆ ಸಹಿ ಮಾಡಿದಳು. ಮೊಬೈಲ್ ಸಂಖ್ಯೆಯನ್ನೂ ಬದಲಿಸಿದಳು. ಆ ಖಾತೆಯ ಸಂದೇಶಗಳು ಈಗ ನನಗೆ ಬರುವುದಿಲ್ಲ.