ನಡುಗುವುದೆಲ್ಲ ಈಜುವುದಲ್ಲ

ಗೆಳತಿಯೊಬ್ಬಳು ತನ್ನ ಶಾಲೆಯ ಮಕ್ಕಳ ಕೈಬರಹದ ಪತ್ರಿಕೆಗೆ ಒಂದು ಕಥೆ ಕೇಳಿದ್ದಳು. ವಿಷಯಕ್ಕಾಗಿ ನಾನು ಹುಡುಕಾಡಲಿಲ್ಲ. ನೀರಿನಲ್ಲಿ ಈಜುವ ಬ್ಯಾಕ್ಟೀರಿಯಾಗಳ ಮೇಲೆ ಪಿಎಚ್.ಡಿ. ಮಾಡುತ್ತ ಐದನೇ ವರ್ಷಕ್ಕೆ ಬಂದಿದ್ದೇನೆ. ಒಂದೇ ಸಂಜೆಯಲ್ಲಿ ಬರೆದು ಮುಗಿಸಿದೆ. ಸುಬ್ಬು ಎಂಬ ಹುಡುಗ ಮೇಷ್ಟ್ರನ್ನು ಕಾಡಿ ಬೇಡಿ ಮೈಕ್ರೋಸ್ಕೋಪ್ ಮನೆಗೆ ತರುತ್ತಾನೆ. ಕೆರೆಯ ನೀರಿನ ಒಂದು ಹನಿ ಇಟ್ಟು ನೋಡಿದರೆ ನೂರಾರು ಬ್ಯಾಕ್ಟೀರಿಯಾಗಳು ಬಾಲ ಬೀಸುತ್ತ ಈಜುತ್ತಿರುತ್ತವೆ. ಸುಬ್ಬು ‘ಅಬ್ಬಾ!’ ಎನ್ನುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ.

ಊರಿಗೆ ಹೋದಾಗ ಅದನ್ನು ಅಕ್ಕನ ಮಗನಿಗೆ ಓದಿ ಹೇಳಿದೆ. ಹತ್ತು ವರ್ಷದವನು. ಪೂರ್ತಿ ಕೇಳಿಸಿಕೊಂಡು, “ಚಿಕ್ಕಿ, ನಾವೂ ನೋಡಣ” ಅಂದ.

ಹೈಸ್ಕೂಲಿನ ಮೇಷ್ಟ್ರು ಶುಕ್ರವಾರ ಸಂಜೆ ಮೈಕ್ರೋಸ್ಕೋಪ್ ಕೊಟ್ಟರು. ಬಲ್ಬಿನ ಬದಲು ಕೆಳಗೆ ಕನ್ನಡಿ ಇರುವ ಹಳೆಯದು. ಸೋಮವಾರ ಪ್ರಾರ್ಥನೆಗೆ ಮುಂಚೆ ವಾಪಸ್ ಬರಬೇಕು ಎಂದರು. ಕೆರೆಯ ಅಂಚಿನಿಂದ ಎರಡು ಲೋಟ ನೀರು ತಂದೆವು. ಒಂದರಲ್ಲಿ ಒಣಹುಲ್ಲಿನ ನಾಲ್ಕು ಎಸಳು ಮುರಿದು ಹಾಕಿ ಅಡುಗೆಮನೆಯ ಮೂಲೆಯಲ್ಲಿಟ್ಟೆ. ಹುಲ್ಲು ಕೊಳೆಯುತ್ತ ಬಂದಂತೆ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ. ತಿಳಿಯಾದ ಕೆರೆ ನೀರಿನ ಒಂದು ಹನಿಯಲ್ಲಿ ಅವನ್ನು ಹುಡುಕುವುದು ಕಷ್ಟ.

ಶನಿವಾರ ಮೊದಲು ಕಂಡದ್ದು ಕಪ್ಪು ಅಂಚಿನ ದುಂಡಗಿನ ಗಾಳಿಗುಳ್ಳೆಗಳು. ಆಮೇಲೆ ಚಪ್ಪಲಿಯ ಅಟ್ಟೆಯಂಥದ್ದೊಂದು ಸುರ್ರೆಂದು ಹಾದುಹೋಯಿತು. ಹುಡುಗ “ಬ್ಯಾಕ್ಟೀರಿಯಾ!” ಎಂದು ಕೂಗಿದ. ಅದು ಪ್ಯಾರಾಮೀಸಿಯಂ. ಅದರ ಉದ್ದ ಸುಮಾರು ಕಾಲು ಮಿಲಿಮೀಟರ್. ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದ ಒಂದೆರಡು ಭಾಗ. “ಅದು ಬಸ್ಸು ಅಂತ ಇಟ್ಕೋ, ನಾವು ಹುಡುಕ್ತಿರೋದು ಬಸ್ಸಿನ ಪಕ್ಕ ಬಿದ್ದಿರೋ ಪೇರಲೆ ಹಣ್ಣು” ಅಂದೆ.

40ರ ಮಸೂರ ತಿರುಗಿಸಿದೆವು. ಕಣ್ಣಿನ ಕಡೆಯ 10ರ ಮಸೂರವೂ ಸೇರಿ 400 ಪಟ್ಟು ದೊಡ್ಡದಾಗಿ ಕಾಣುತ್ತದೆ. ಆದರೂ ಬಿಳಿಯ ಬೆಳಕು ಬಿಟ್ಟು ಏನೂ ಕಾಣಲಿಲ್ಲ. ಬ್ಯಾಕ್ಟೀರಿಯಾಗೆ ಬಣ್ಣವಿಲ್ಲ, ಬೆಳಕು ಹೆಚ್ಚಾದಷ್ಟೂ ಅದು ಕರಗಿಹೋಗುತ್ತದೆ. ಕೆಳಗಿನ ಕಿಂಡಿಯನ್ನು ಕಿರಿದು ಮಾಡಿ ಬೆಳಕು ತಗ್ಗಿಸಿದ ಮೇಲೆ ಬೂದು ಬಣ್ಣದ ಚುಕ್ಕೆಗಳು ಮೂಡಿದವು. ಎಲ್ಲವೂ ಸಣ್ಣಗೆ ನಡುಗುತ್ತಿದ್ದವು. ಜೊತೆಗೆ ಎಡಕ್ಕೆ ಸರಿಯುತ್ತಿದ್ದವು.

“ಚಿಕ್ಕಿ, ಎಲ್ಲದಕ್ಕೂ ಜೀವ ಇದೆ!”

ನನಗೆ ಬೇರೊಂದು ದಿನ ನೆನಪಾಯಿತು. ಸಂಶೋಧನೆಯ ಎರಡನೇ ವರ್ಷದಲ್ಲಿ ಗೈಡ್ ಮುಂದೆ ಹೆಮ್ಮೆಯಿಂದ ಒಂದು ವಿಡಿಯೋ ತೋರಿಸಿದ್ದೆ. ಬ್ಯಾಕ್ಟೀರಿಯಾಗಳ ಸರಾಸರಿ ವೇಗವನ್ನೂ ಲೆಕ್ಕ ಹಾಕಿ ಪ್ರಗತಿ ವರದಿಯಲ್ಲಿ ಸೇರಿಸಿಯಾಗಿತ್ತು. ಅವರು ಒಂದು ನಿಮಿಷ ನೋಡಿ, “ಎಲ್ಲವೂ ಒಂದೇ ಊರಿಗೆ ಹೊರಟಿವೆಯಲ್ಲ?” ಎಂದರು. ಫಾರ್ಮಲಿನ್ ಹಾಕಿ ಸಾಯಿಸಿದ ಬ್ಯಾಕ್ಟೀರಿಯಾಗಳನ್ನು ಅದೇ ರೀತಿ ನೋಡಿಕೊಂಡು ಬಾ ಎಂದು ಕಳಿಸಿದರು. ಸತ್ತವೂ ಅದೇ ದಿಕ್ಕಿಗೆ, ಹೆಚ್ಚುಕಡಿಮೆ ಅದೇ ವೇಗದಲ್ಲಿ ಹೋಗುತ್ತಿದ್ದವು. ಗಾಜಿನ ಅಂಚಿನಲ್ಲಿ ನೀರು ಆರುತ್ತ ಒಳಗೆ ಸಣ್ಣ ಹರಿವು ಹುಟ್ಟಿತ್ತು. ಮೂರು ತಿಂಗಳು ನಾನು ಅಳೆದದ್ದು ಆ ಹರಿವನ್ನು. ವರದಿಯ ಆ ಪುಟಗಳನ್ನು ತೆಗೆದುಹಾಕಿದ ರಾತ್ರಿ ಹಾಸ್ಟೆಲಿನಲ್ಲಿ ಊಟ ಸೇರಿರಲಿಲ್ಲ.

ಇಷ್ಟಾಗಿಯೂ ಮಕ್ಕಳಿಗೆ ಬರೆಯುವಾಗ ನನ್ನ ಸುಬ್ಬುವಿಗೆ ಮೊದಲ ನೋಟದಲ್ಲೇ ಎಲ್ಲವನ್ನೂ ತೋರಿಸಿಬಿಟ್ಟಿದ್ದೆ.

ಹುಡುಗನಿಗೆ ಅಡುಗೆಮನೆಯಿಂದ ಒಂದು ಹನಿ ಹಾಲು ತರಲು ಹೇಳಿದೆ. ಅದಕ್ಕೆ ಬಹಳಷ್ಟು ನೀರು ಬೆರೆಸಿ ಇಟ್ಟೆವು. ಹಾಲಿನೊಳಗಿನ ಕೊಬ್ಬಿನ ಕಣಗಳು ಸಣ್ಣ ಸಣ್ಣ ಗೋಲಿಗಳಂತೆ ಕಂಡವು. ಅವುಗಳಲ್ಲೂ ಚಿಕ್ಕವು ನಡುಗುತ್ತಿದ್ದವು. ಅವನು ತಲೆಯೆತ್ತಿ ನನ್ನ ಮುಖ ನೋಡಿದ. “ಕಾಯಿಸಿದ ಹಾಲಲ್ವಾ ಇದು?”

1827ರಲ್ಲಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ ಎಡವಿದ್ದೂ, ಎದ್ದದ್ದೂ ಇಲ್ಲೇ. ಪರಾಗದೊಳಗಿನ ಕಣಗಳು ನೀರಿನಲ್ಲಿ ನಡುಗುವುದನ್ನು ಕಂಡು ಇದು ಜೀವದ ಚಲನೆಯಿರಬಹುದೇ ಎಂದು ಮೊದಲು ಯೋಚಿಸಿದ. ಅಷ್ಟಕ್ಕೇ ನಿಲ್ಲದೆ ಗಾಜು ಮತ್ತು ಕಲ್ಲಿನ ಪುಡಿಯನ್ನೂ ನೀರಿಗೆ ಹಾಕಿ ನೋಡಿದ. ಅವೂ ನಡುಗಿದವು. ನೀರಿನ ಅಣುಗಳು ಎಲ್ಲ ದಿಕ್ಕಿನಿಂದ ಬಂದು ಬಡಿಯುವಾಗ ಒಂದೊಂದು ಕ್ಷಣ ಒಂದೊಂದು ಕಡೆಯ ಹೊಡೆತ ಹೆಚ್ಚಾಗುತ್ತದೆ. ಹಗುರವಾದ ಕಣ ಅದರಿಂದ ಅತ್ತಿತ್ತ ತೂರಾಡುತ್ತದೆ. ಅದಕ್ಕೆ ಜೀವ ಬೇಕಿಲ್ಲ.

ಹುಡುಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಹಂಗಾದ್ರೆ ಜೀವ ಇರೋದು ಯಾವುದು ಅಂತ ಗೊತ್ತಾಗದು ಹೆಂಗೆ?” ಎಂದ. ನನ್ನ ಕಥೆಯಲ್ಲಿ ಇರಬೇಕಿದ್ದ ಪ್ರಶ್ನೆ ಅದು.

ಸೋಮವಾರ ಬೆಳಿಗ್ಗೆ ಆರಕ್ಕೇ ಎದ್ದೆವು. ಹುಲ್ಲಿನ ನೀರು ಮಬ್ಬಾಗಿತ್ತು, ಸಣ್ಣ ಕೊಳೆತ ವಾಸನೆ. ಅದರಲ್ಲಿ ಸ್ವಲ್ಪವನ್ನು ಪುಟ್ಟ ಪಾತ್ರೆಯಲ್ಲಿ ಕುದಿಸಿ ಆರಿಸಿದೆವು. ಒಂದು ಗಾಜಿನ ಮೇಲೆ ಕುದಿಸಿದ ಹನಿ, ಇನ್ನೊಂದರ ಮೇಲೆ ಕುದಿಸದ ಹನಿ. ಎರಡಕ್ಕೂ ತೆಳುಗಾಜು ಮುಚ್ಚಿ, ಅಂಚಿಗೆ ಸುತ್ತಲೂ ವ್ಯಾಸಲೀನ್ ಮೆತ್ತಿದೆವು. ನೀರು ಆರದಿದ್ದರೆ ಹರಿವೂ ಕಡಿಮೆ.

ಕುದಿಸಿದ್ದರಲ್ಲಿ ಸಣ್ಣ ಕಡ್ಡಿಗಳಂಥವು ತುಂಬಿದ್ದವು. ಕುದಿಸಿದ ಮಾತ್ರಕ್ಕೆ ದೇಹ ಮಾಯವಾಗುವುದಿಲ್ಲವಲ್ಲ. ಎಲ್ಲವೂ ಇದ್ದಲ್ಲೇ ನಡುಗುತ್ತಿದ್ದವು. ಯಾವುದೂ ಎಲ್ಲಿಗೂ ಹೋಗುತ್ತಿರಲಿಲ್ಲ. ಇನ್ನೊಂದನ್ನು ಇಟ್ಟೆ. “ಎಲ್ಲವನ್ನೂ ನೋಡಬೇಡ. ಒಂದನ್ನೇ ಹಿಡ್ಕೊಂಡು, ಅದರ ಪಕ್ಕದ್ದು ಏನು ಮಾಡುತ್ತೆ ಅಂತಲೂ ನೋಡು” ಎಂದೆ.

ಅವನು ಉಸಿರು ಬಿಗಿಹಿಡಿದಿದ್ದ. “ಒಂದು ಹೋಗ್ತಾ ಇದೆ. ಪಕ್ಕದ್ದೆಲ್ಲ ಅಲ್ಲೇ ಇವೆ. ಇದು ಮಾತ್ರ ನೆಟ್ಟಗೆ ಹೋಯ್ತು... ನಿಂತ್ತು... ಈಗ ಬೇರೆ ಕಡೆ ಹೊರಟ್ತು!”

ಬ್ಯಾಕ್ಟೀರಿಯಾಗಳಲ್ಲಿ ಹಲವು ಹೀಗೆಯೇ ಈಜುತ್ತವೆ. ನಮ್ಮ ಪ್ರಯೋಗಾಲಯಗಳ ಹಳೆಯ ಪರಿಚಯದ ಇ. ಕೋಲೈ ಒಂದು ಸೆಕೆಂಡಿನಷ್ಟು ಹೊತ್ತು ನೇರ ಓಡಿ, ಕ್ಷಣ ಉರುಳಾಡಿ, ಮತ್ತೊಂದು ದಿಕ್ಕು ಹಿಡಿಯುತ್ತದೆ. ಸೆಕೆಂಡಿಗೆ ತನ್ನ ಉದ್ದದ ಹತ್ತು ಪಟ್ಟಿಗೂ ಹೆಚ್ಚು ದೂರ ಹೋಗಬಲ್ಲದು.

“ಬಾಲ ಕಾಣ್ತಿಲ್ಲ ಚಿಕ್ಕಿ. ಕಥೆಯಲ್ಲಿ ಬಾಲ ಇತ್ತಲ್ಲ?”

ಕಾಣುವುದಿಲ್ಲ. ಆ ಬಾಲದ ದಪ್ಪ ಸುಮಾರು 20 ನ್ಯಾನೋಮೀಟರ್. ಬಣ್ಣವನ್ನೋ ಹೊಳೆಯುವ ರಾಸಾಯನಿಕವನ್ನೋ ಹಚ್ಚದೆ, ಇಂಥ ಮೈಕ್ರೋಸ್ಕೋಪಿನಲ್ಲಿ ಅದು ಕಣ್ಣಿಗೆ ಸಿಗದು. ಮೇಲಾಗಿ ಅದು ಮೀನಿನ ಬಾಲದಂತೆ ಬೀಸುವುದೂ ಇಲ್ಲ, ಬುಡದಿಂದ ಸ್ಕ್ರೂನಂತೆ ಗಿರಗಿರ ತಿರುಗುತ್ತದೆ. ನನ್ನ ಸುಬ್ಬು ಕಂಡ ಬಾಲ ಪಠ್ಯಪುಸ್ತಕದ ಚಿತ್ರದಿಂದ ಬಂದದ್ದು.

ಒಂಬತ್ತೂವರೆಗೆ ಮೈಕ್ರೋಸ್ಕೋಪನ್ನು ಬಟ್ಟೆಯಲ್ಲಿ ಸುತ್ತಿ ವಾಪಸ್ ಕೊಟ್ಟೆವು. ಬ್ಯಾಕ್ಟೀರಿಯಾ ಕಂಡವಾ ಎಂದು ಮೇಷ್ಟ್ರು ಕೇಳಿದರು. ಹುಡುಗ, “ತುಂಬಾ ಇದ್ವು ಸಾರ್. ಈಜ್ತಿದ್ದದ್ದು ಅಂತ ಗ್ಯಾರಂಟಿ ಹೇಳಬಹುದಾದದ್ದು ಏಳು” ಎಂದ.

ಆ ರಾತ್ರಿ ಕಥೆಯನ್ನು ಮತ್ತೆ ಬರೆದೆ. ಈಗ ಸುಬ್ಬು ಮೊದಲ ದಿನ ‘ಅಬ್ಬಾ!’ ಎನ್ನುತ್ತಾನೆ, ಎರಡನೇ ದಿನ ಹಾಲಿನ ಹನಿ ನೋಡಿ ಪೆಚ್ಚಾಗುತ್ತಾನೆ. ಮೂರನೇ ದಿನ ಎರಡು ಗಾಜುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎಣಿಸಲು ಕೂರುತ್ತಾನೆ. ಓದಿದ ಗೆಳತಿ, ಮಕ್ಕಳಿಗೆ ಸ್ವಲ್ಪ ನಿಧಾನವಾಯಿತೇನೋ ಎಂದಳು. ಇರಬಹುದು ಎಂದೆ. ಆದರೆ ಹಾಲಿನ ಹನಿಯನ್ನು ತೆಗೆಯಲು ಒಪ್ಪಲಿಲ್ಲ. ನನ್ನ ಮೂರು ತಿಂಗಳು ಹೋದದ್ದು ಆ ಒಂದು ಹನಿ ಇಲ್ಲದೆ.